ಕ್ರೆಡಿಟ್ ಕಾರ್ಡ್ ಮತ್ತು ವಿಮಾನ ನಿಲ್ದಾಣದ ಲೌಂಜ್: ಖರ್ಚಿನ ಷರತ್ತು, ತ್ರೈಮಾಸಿಕ ಮಿತಿ, ಅತಿಥಿಗಳ ಲೆಕ್ಕ

ರಜೆಯ ದಿನಗಳು ಹತ್ತಿರ ಬಂದಂತೆ, ವಿಮಾನಕ್ಕೆ ಕಾಯುವ ಹೊತ್ತಿನಲ್ಲಿ ಕುಳಿತು ತಿಂಡಿ ತಿನ್ನಬಹುದಾದ ನಿಲ್ದಾಣದ ಲೌಂಜ್ ಬಗ್ಗೆ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ‘ವರ್ಷಕ್ಕೆ ನಾಲ್ಕು ಸಲ ಉಚಿತ ಎಂದು ಕಾರ್ಡಿನ ಜಾಹೀರಾತಿನಲ್ಲಿತ್ತು, ಮೊದಲನೆಯ ಸಲವೇ ಯಂತ್ರ ಒಪ್ಪಲಿಲ್ಲ, ಏಕೆ?’ ಎಂದು ಒಬ್ಬರು ಕೇಳುತ್ತಾರೆ. ‘ಹೆಂಡತಿಯನ್ನೂ ನನ್ನ ಕಾರ್ಡಿನಲ್ಲೇ ಒಳಗೆ ಕರೆದುಕೊಂಡು ಹೋದೆ, ಮುಂದಿನ ಬಿಲ್ಲಿನಲ್ಲಿ ಎರಡೂವರೆ ಸಾವಿರ ಬಂದಿದೆ’ ಎಂದು ಇನ್ನೊಬ್ಬರು ಬರೆಯುತ್ತಾರೆ. ಎರಡಕ್ಕೂ ಕಾರಣ ಬಹುತೇಕ ಒಂದೇ. ಲೌಂಜ್ ಸೌಲಭ್ಯದ ಹಿಂದೆ ಮೂರು ಬೇರೆ ಬೇರೆ ಲೆಕ್ಕಗಳಿವೆ. ಓದುವವರು ಅವನ್ನು ಒಂದೇ ಎಂದುಕೊಳ್ಳುತ್ತಾರೆ, ಬ್ಯಾಂಕುಗಳೂ ಬಿಡಿಸಿ ಹೇಳುವುದಿಲ್ಲ.

ಮೊದಲನೆಯದು ಅರ್ಹತೆಯ ಲೆಕ್ಕ: ನಿಗದಿತ ಅವಧಿಯಲ್ಲಿ ಕಾರ್ಡಿನಿಂದ ಇಷ್ಟು ಖರ್ಚಾಗಿರಬೇಕು ಎಂಬ ಷರತ್ತು. ಎರಡನೆಯದು ಭೇಟಿಗಳ ಲೆಕ್ಕ: ಅರ್ಹತೆ ಸಿಕ್ಕ ಮೇಲೆ ತ್ರೈಮಾಸಿಕಕ್ಕೆ ಅಥವಾ ವರ್ಷಕ್ಕೆ ಎಷ್ಟು ಸಲ ಒಳಗೆ ಹೋಗಬಹುದು ಎಂಬುದು. ಮೂರನೆಯದು ತಲೆಗಳ ಲೆಕ್ಕ: ಒಂದು ಭೇಟಿ ಎಂದರೆ ಎಷ್ಟು ಜನ ಎಂಬುದು. ಈ ಮೂರನ್ನೂ ಹೊರಡುವ ಮುನ್ನ ಹೇಗೆ ಕೂಡಿ ಕಳೆದು ನೋಡಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಭಾರತದ ಬ್ಯಾಂಕುಗಳು ಕೊಡುವ ಕಾರ್ಡುಗಳಿಗೆ ಮಾತ್ರ ಈ ಬರಹ ಅನ್ವಯಿಸುತ್ತದೆ.

ಏನೇನು ಬೇಕು

ನಿಮ್ಮ ಕಾರ್ಡಿನ ಪೂರ್ಣ ಹೆಸರು ಬೇಕು. ಬ್ಯಾಂಕಿನ ಹೆಸರಷ್ಟೇ ಸಾಲದು, ಏಕೆಂದರೆ ಒಂದೇ ಬ್ಯಾಂಕಿನ ಎರಡು ಕಾರ್ಡುಗಳಿಗೆ ಬೇರೆ ನಿಯಮಗಳಿರುತ್ತವೆ. ಕಾರ್ಡಿನ ಮೇಲೆ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಇವುಗಳಲ್ಲಿ ಯಾವ ಗುರುತು ಇದೆ ಎಂಬುದನ್ನೂ ನೋಡಿಕೊಳ್ಳಿ. ಒಂದೇ ಹೆಸರಿನ ಕಾರ್ಡ್ ಬೇರೆ ಜಾಲದಲ್ಲಿದ್ದರೆ ಲೌಂಜ್‌ಗಳ ಪಟ್ಟಿಯೇ ಬದಲಾಗುತ್ತದೆ. ಕಳೆದ ನಾಲ್ಕು ತಿಂಗಳ ಬಿಲ್ಲುಗಳು ಬೇಕು. ಜೊತೆಗೆ ಬ್ಯಾಂಕಿನ ಜಾಲತಾಣದಲ್ಲಿ ಆ ಕಾರ್ಡಿನ ಪುಟದ ತಳದಲ್ಲಿರುವ ನಿಯಮ ಮತ್ತು ಷರತ್ತುಗಳ ಕಡತವೂ ಬೇಕು. ಪುಟದ ಮೇಲ್ಭಾಗದಲ್ಲಿ ಸೋಫಾ, ಕಾಫಿ ಲೋಟದ ಚಿತ್ರದ ಪಕ್ಕ ದಪ್ಪಕ್ಷರದಲ್ಲಿರುವ ಸಾಲನ್ನು ನಂಬಬೇಡಿ. ನಿಜವಾದ ನಿಯಮ ಯಾವಾಗಲೂ ಸಣ್ಣಕ್ಷರದ ಕಡತದಲ್ಲೇ ಇರುತ್ತದೆ.

ಹಂತ 1: ನಿಮ್ಮ ಕಾರ್ಡ್ ಯಾವ ಅವಧಿಯ ಖರ್ಚನ್ನು ನೋಡುತ್ತದೆ?

2023ರ ಕೊನೆಯವರೆಗೂ ಹೆಚ್ಚಿನ ಕಾರ್ಡುಗಳಿಗೆ ಖರ್ಚಿನ ಷರತ್ತು ಇರಲಿಲ್ಲ. ಕಾರ್ಡ್ ಇದ್ದರೆ ಸಾಕಿತ್ತು. ಲೌಂಜ್‌ಗಳಲ್ಲಿ ಜನ ತುಂಬಿ ಸಾಲು ಹೊರಗೆ ಬಂದಿತು, ಪ್ರತಿ ಭೇಟಿಗೂ ಲೌಂಜ್‌ಗೆ ಹಣ ಕೊಡಬೇಕಾದ ಬ್ಯಾಂಕುಗಳಿಗೆ ಹೊರೆಯೂ ಬೆಳೆಯಿತು. ಆಮೇಲೆ ಒಂದರ ಹಿಂದೆ ಒಂದರಂತೆ ಷರತ್ತುಗಳು ಬಂದವು. ಇಂದು ಮುಖ್ಯವಾಗಿ ನಾಲ್ಕು ಬಗೆಗಳಿವೆ.

ಮೊದಲ ಬಗೆ, ಹಿಂದಿನ ಕ್ಯಾಲೆಂಡರ್ ತ್ರೈಮಾಸಿಕದ ಖರ್ಚು. ಕ್ಯಾಲೆಂಡರ್ ತ್ರೈಮಾಸಿಕ ಎಂದರೆ ವರ್ಷವನ್ನು ಜನವರಿ–ಮಾರ್ಚ್, ಏಪ್ರಿಲ್–ಜೂನ್, ಜುಲೈ–ಸೆಪ್ಟೆಂಬರ್, ಅಕ್ಟೋಬರ್–ಡಿಸೆಂಬರ್ ಎಂದು ಭಾಗ ಮಾಡಿದ ಮೂರು ಮೂರು ತಿಂಗಳ ಅವಧಿ. ಐಸಿಐಸಿಐ ಬ್ಯಾಂಕ್ ತನ್ನ ಹಲವು ಕಾರ್ಡುಗಳಿಗೆ 2024ರ ಏಪ್ರಿಲ್ 1ರಿಂದ 35,000 ರೂಪಾಯಿಯ ಮಿತಿ ಹಾಕಿತು, ಅದೇ ವರ್ಷದ ನವೆಂಬರ್ 15ರಿಂದ ಅದನ್ನು 75,000ಕ್ಕೆ ಏರಿಸಿತು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಷ್ಟು ಖರ್ಚು ಮಾಡಿದ್ದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಲೌಂಜ್ ಬಾಗಿಲು ತೆರೆದಿರುತ್ತದೆ. ಅಕ್ಟೋಬರ್‌ನಲ್ಲಿ ಲಕ್ಷ ರೂಪಾಯಿ ಖರ್ಚು ಮಾಡಿದರೂ ಅಕ್ಟೋಬರ್‌ನ ಪ್ರಯಾಣಕ್ಕೆ ಅದು ಬರುವುದಿಲ್ಲ. ಅದು ಮುಂದಿನ ಜನವರಿಯ ಲೆಕ್ಕಕ್ಕೆ ಸೇರುತ್ತದೆ.

ಎರಡನೆಯ ಬಗೆ, ಪ್ರಯಾಣದ ಹಿಂದಿನ ಮೂರು ಕ್ಯಾಲೆಂಡರ್ ತಿಂಗಳು. ಆಕ್ಸಿಸ್ ಬ್ಯಾಂಕ್ 2024ರ ಮೇ 1ರಿಂದ ಕೆಲವು ಕಾರ್ಡುಗಳಿಗೆ ಹಿಂದಿನ ಮೂರು ತಿಂಗಳಲ್ಲಿ 50,000 ರೂಪಾಯಿ ಎಂಬ ನಿಯಮ ತಂದಿತು. ಮೊದಲ ಬಗೆಯಂತೆಯೇ ಕಂಡರೂ ಇದು ತಿಂಗಳು ಬದಲಾದಂತೆ ಜರುಗುವ ಅವಧಿ. ಅಕ್ಟೋಬರ್‌ನಲ್ಲಿ ಹೊರಟರೆ ಜುಲೈ, ಆಗಸ್ಟ್, ಸೆಪ್ಟೆಂಬರ್ ನೋಡುತ್ತಾರೆ. ನವೆಂಬರ್‌ನಲ್ಲಿ ಹೊರಟರೆ ಜುಲೈ ಬಿದ್ದುಹೋಗಿ ಅಕ್ಟೋಬರ್ ಸೇರಿಕೊಳ್ಳುತ್ತದೆ. ಜುಲೈನಲ್ಲಿ ಒಂದು ದೊಡ್ಡ ಫ್ರಿಜ್ ಕೊಂಡು ಮಿತಿ ದಾಟಿದವರು ಅಕ್ಟೋಬರ್‌ನಲ್ಲಿ ಅರ್ಹರು, ನವೆಂಬರ್‌ನಲ್ಲಿ ಅಲ್ಲದಿರಬಹುದು.

ಮೂರನೆಯ ಬಗೆ, ಹಿಂದಿನ ಒಂದೇ ತಿಂಗಳು. ಐಡಿಎಫ್‌ಸಿ ಫಸ್ಟ್ ಬ್ಯಾಂಕ್ 2024ರ ಮೇ ತಿಂಗಳಿನಿಂದ ಹಿಂದಿನ ತಿಂಗಳಲ್ಲಿ 20,000 ರೂಪಾಯಿ ಖರ್ಚನ್ನು ಕೇಳತೊಡಗಿತು. ಪ್ರಯಾಣ ಮೊದಲೇ ಗೊತ್ತಿರುವವರಿಗೆ ಇದು ಅನುಕೂಲದ ಬಗೆ, ಏಕೆಂದರೆ ಟಿಕೆಟ್ ಕೊಂಡ ಖರ್ಚೇ ಅರ್ಹತೆಯ ದೊಡ್ಡ ಪಾಲನ್ನು ಭರಿಸಿಬಿಡಬಹುದು.

ನಾಲ್ಕನೆಯದು ವೋಚರ್ ಬಗೆ. ಎಚ್‌ಡಿಎಫ್‌ಸಿ ಬ್ಯಾಂಕ್ 2023ರ ಡಿಸೆಂಬರ್ 1ರಿಂದ ರೆಗಾಲಿಯಾ ಮತ್ತು ಮಿಲೇನಿಯಾ ಕಾರ್ಡುಗಳಿಗೆ ಇದನ್ನು ತಂದಿತು. ಒಂದು ಕ್ಯಾಲೆಂಡರ್ ತ್ರೈಮಾಸಿಕದಲ್ಲಿ ಒಂದು ಲಕ್ಷ ರೂಪಾಯಿ ಖರ್ಚಾದರೆ ರೆಗಾಲಿಯಾಕ್ಕೆ ಎರಡು, ಮಿಲೇನಿಯಾಕ್ಕೆ ಒಂದು ಲೌಂಜ್ ವೋಚರ್. ಇಲ್ಲಿ ಕಾರ್ಡ್ ಉಜ್ಜಿದರೆ ಸಾಲದು. ಬ್ಯಾಂಕಿನ ಪುಟಕ್ಕೆ ಹೋಗಿ ವೋಚರನ್ನು ನೀವೇ ಪಡೆದುಕೊಳ್ಳಬೇಕು. ಮಿಲೇನಿಯಾದವರು ಲೌಂಜ್ ಬದಲು ಸಾವಿರ ರೂಪಾಯಿಯ ಉಡುಗೊರೆ ವೋಚರನ್ನೂ ಆರಿಸಿಕೊಳ್ಳಬಹುದು. ವರ್ಷಕ್ಕೊಮ್ಮೆ ವಿಮಾನ ಹತ್ತುವವರಾದರೆ ಉಡುಗೊರೆಯನ್ನೇ ಆರಿಸಿ ಎನ್ನುವುದು ನನ್ನ ಅಭಿಪ್ರಾಯ.

ಖರ್ಚಿನ ಷರತ್ತೇ ಇಲ್ಲದೆ ಸೌಲಭ್ಯ ಕೊಡುತ್ತ ಬಂದ ಕಾರ್ಡುಗಳೂ ಇವೆ, ಆದರೆ ಅವುಗಳ ವಾರ್ಷಿಕ ಶುಲ್ಕ ಸಾಮಾನ್ಯವಾಗಿ ಸಾವಿರಗಳಲ್ಲಿರುತ್ತದೆ. ಮೇಲಿನ ಮೊತ್ತಗಳನ್ನು ಬಗೆಗಳ ಉದಾಹರಣೆಯಾಗಿ ಓದಿಕೊಳ್ಳಿ. ಬ್ಯಾಂಕುಗಳು ಇವನ್ನು ಬದಲಿಸುತ್ತಲೇ ಇವೆ, ಹೊರಡುವ ತಿಂಗಳಲ್ಲಿ ನಿಮ್ಮ ಕಾರ್ಡಿನ ಕಡತವನ್ನು ತೆರೆದು ನೋಡುವುದು ತಪ್ಪುವುದಿಲ್ಲ.

ಎಚ್ಚರಿಕೆ: ನಿಮ್ಮ ಬಿಲ್ಲಿನ ಅವಧಿಗೂ ಈ ಅವಧಿಗೂ ಸಂಬಂಧವಿಲ್ಲ. ಬಿಲ್ಲು ಪ್ರತಿ ತಿಂಗಳ 16ರಿಂದ ಮುಂದಿನ 15ರವರೆಗೆ ಇರಬಹುದು. ಅರ್ಹತೆ ನೋಡುವುದು ಒಂದನೆಯ ತಾರೀಖಿನಿಂದ ತಿಂಗಳ ಕೊನೆಯವರೆಗೆ. ಮೂರು ಬಿಲ್ಲುಗಳ ಮೊತ್ತ ಕೂಡಿಸಿ ‘75,000 ದಾಟಿದೆ’ ಎಂದು ನೆಮ್ಮದಿಯಿಂದಿದ್ದವರೇ ಹೆಚ್ಚಾಗಿ ಲೌಂಜ್ ಬಾಗಿಲಲ್ಲಿ ನಿಲ್ಲುತ್ತಾರೆ.

ಹೊಸ ಕಾರ್ಡಾದರೆ ಒಂದು ವಿನಾಯಿತಿ ಇರಬಹುದು. ಆಕ್ಸಿಸ್‌ನ ಮೇಲೆ ಹೇಳಿದ ನಿಯಮದಲ್ಲಿ ಕಾರ್ಡ್ ಕೊಟ್ಟ ತಿಂಗಳು ಮತ್ತು ಅದರ ನಂತರದ ಮೂರು ತಿಂಗಳು ಖರ್ಚಿನ ಷರತ್ತು ಇಲ್ಲ. ಎಲ್ಲ ಬ್ಯಾಂಕುಗಳೂ ಹೀಗೆ ಮಾಡುವುದಿಲ್ಲ, ಆದ್ದರಿಂದ ಕಡತದಲ್ಲಿ ಹೊಸ ಗ್ರಾಹಕರ ಬಗ್ಗೆ ಏನಿದೆ ಎಂದು ಪ್ರತ್ಯೇಕವಾಗಿ ಹುಡುಕಿ.

ಹಂತ 2: ಖರ್ಚನ್ನು ಬ್ಯಾಂಕ್ ಕೂಡಿಸುವಂತೆ ಕೂಡಿಸಿ

ಕಾರ್ಡಿನಿಂದ ಹೋದ ಹಣವೆಲ್ಲ ಅರ್ಹತೆಯ ಖರ್ಚಾಗುವುದಿಲ್ಲ. ಎಟಿಎಂನಿಂದ ತೆಗೆದ ನಗದು, ಬ್ಯಾಂಕಿನ ಶುಲ್ಕ, ಬಡ್ಡಿ ಇವು ಲೆಕ್ಕಕ್ಕೆ ಬರುವುದಿಲ್ಲ ಎಂದೇ ಹಿಡಿಯಿರಿ. ಮನೆ ಬಾಡಿಗೆ, ವಾಲೆಟ್‌ಗೆ ಹಣ ತುಂಬಿಸುವುದು, ಪೆಟ್ರೋಲ್, ಸರ್ಕಾರಿ ಪಾವತಿ, ಕಂತಿಗೆ ಬದಲಿಸಿದ ಖರೀದಿ ಇವುಗಳನ್ನು ಕೆಲವರು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ರುಪೇ ಕಾರ್ಡನ್ನು ಯುಪಿಐಗೆ ಜೋಡಿಸಿ ಮಾಡಿದ ಪಾವತಿಗಳ ವಿಷಯವೂ ಹೀಗೆಯೇ. ಹಿಂದಿರುಗಿಸಿದ ವಸ್ತುಗಳ ಹಣ ಮರಳಿ ಬಂದರೆ ಅಷ್ಟನ್ನು ಕಳೆಯುತ್ತಾರೆ.

ಇನ್ನೊಂದು ಸೂಕ್ಷ್ಮ, ವ್ಯವಹಾರದ ದಿನಾಂಕ ಮತ್ತು ಇತ್ಯರ್ಥದ ದಿನಾಂಕ. ನೀವು ಅಂಗಡಿಯಲ್ಲಿ ಕಾರ್ಡ್ ಕೊಟ್ಟ ದಿನ ಮೊದಲನೆಯದು. ಅಂಗಡಿಯವರ ಬ್ಯಾಂಕು ಹಣ ಕೇಳಿ, ನಿಮ್ಮ ಖಾತೆಯಲ್ಲಿ ಅದು ಅಂತಿಮವಾಗಿ ದಾಖಲಾದ ದಿನ ಎರಡನೆಯದು. ನಡುವೆ ಒಂದೆರಡು ದಿನ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ತ್ರೈಮಾಸಿಕದ ಕೊನೆಯ ದಿನ ಮಾಡಿದ ಖರೀದಿ ಮುಂದಿನ ತ್ರೈಮಾಸಿಕಕ್ಕೆ ಜಾರುವುದು ಹೀಗೆ.

ಒಂದು ಕಾಲ್ಪನಿಕ ಮನೆಯ ಲೆಕ್ಕವನ್ನು ಮಾಡಿ ನೋಡೋಣ. ಬೆಂಗಳೂರಿನ ದಂಪತಿ, ಎಂಟು ವರ್ಷದ ಮಗಳು ಮತ್ತು ಅಜ್ಜಿ ಅಕ್ಟೋಬರ್ 18ರಂದು ದೆಹಲಿಗೆ ಹೊರಟಿದ್ದಾರೆ. ಹೆಂಡತಿಯ ಕಾರ್ಡಿಗೆ ಹಿಂದಿನ ತ್ರೈಮಾಸಿಕದಲ್ಲಿ 75,000 ರೂಪಾಯಿಯ ಷರತ್ತಿದೆ. ಪೆಟ್ರೋಲ್ ಮತ್ತು ವಾಲೆಟ್ ಲೆಕ್ಕಕ್ಕಿಲ್ಲ ಎಂದು ಅದರ ಕಡತ ಹೇಳುತ್ತದೆ ಎಂದಿಟ್ಟುಕೊಳ್ಳಿ. ಜುಲೈನಲ್ಲಿ 29,400, ಆಗಸ್ಟ್‌ನಲ್ಲಿ 26,800, ಸೆಪ್ಟೆಂಬರ್‌ನಲ್ಲಿ 31,300 ರೂಪಾಯಿ ಖರ್ಚಾಗಿದೆ. ಒಟ್ಟು 87,500. ಮಿತಿಗಿಂತ ಹನ್ನೆರಡೂವರೆ ಸಾವಿರ ಹೆಚ್ಚು, ಚಿಂತೆಯಿಲ್ಲ ಎನಿಸುತ್ತದೆ.

ಈಗ ಕಳೆಯೋಣ. ಮೂರು ತಿಂಗಳ ಪೆಟ್ರೋಲ್ 4,200. ವಾಲೆಟ್‌ಗೆ ತುಂಬಿಸಿದ್ದು 3,000. ಆಗಸ್ಟ್‌ನಲ್ಲಿ ಕೊಂಡು ಹಿಂದಿರುಗಿಸಿದ ಸೀರೆಯ 2,800. ಸೆಪ್ಟೆಂಬರ್ 30ರ ಸಂಜೆ ಮಾಡಿದ 5,600 ರೂಪಾಯಿಯ ಖರೀದಿ ಖಾತೆಯಲ್ಲಿ ದಾಖಲಾಗಿದ್ದು ಅಕ್ಟೋಬರ್ 2ರಂದು. ಇವೆಲ್ಲ ಸೇರಿ 15,600. ಉಳಿಯುವುದು 71,900. ಮಿತಿಗೆ 3,100 ರೂಪಾಯಿ ಕಡಿಮೆ. ಕೊನೆಯ ಖರೀದಿಯನ್ನು ಸೆಪ್ಟೆಂಬರ್ 25ಕ್ಕೇ ಮಾಡಿದ್ದರೆ 77,500 ಆಗಿ ಅರ್ಹತೆ ಸಿಗುತ್ತಿತ್ತು. ಆ 5,600 ವ್ಯರ್ಥವಾಗಿಲ್ಲ, ಅದು ಅಕ್ಟೋಬರ್–ಡಿಸೆಂಬರ್ ಲೆಕ್ಕಕ್ಕೆ ಸೇರಿದೆ. ಆದರೆ ದೆಹಲಿ ಪ್ರಯಾಣಕ್ಕೆ ಸಿಗಲಿಲ್ಲ.

ಇದರಿಂದ ಹೊರಡುವ ರೂಢಿ ಸರಳ: ಮಿತಿಗಿಂತ ಐದಾರು ಸಾವಿರ ಹೆಚ್ಚಿಗೆ ಗುರಿ ಇಟ್ಟುಕೊಳ್ಳಿ, ತಿಂಗಳ ಕೊನೆಯ ವಾರಕ್ಕೆ ಮೊದಲೇ ಮುಗಿಸಿ. ಆದರೆ ಲೌಂಜ್‌ಗಾಗಿಯೇ ಬೇಡದ ವಸ್ತುಗಳನ್ನು ಕೊಳ್ಳುವುದು ಮಾತ್ರ ಶುದ್ಧ ನಷ್ಟ. ಅಲ್ಲಿ ಸಿಗುವ ಉಪ್ಪಿಟ್ಟು, ಇಡ್ಲಿ, ಕಾಫಿಗಾಗಿ ಮೂರು ಸಾವಿರದ ಸಾಮಾನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಹೇಗಿದ್ದರೂ ಕಟ್ಟಬೇಕಾದ ಶಾಲಾ ಶುಲ್ಕ, ವಿಮೆಯ ಕಂತು ಇದ್ದರೆ, ಆ ಬಗೆಯ ಪಾವತಿ ಲೆಕ್ಕಕ್ಕೆ ಬರುತ್ತದೆಯೇ ಎಂದು ನೋಡಿ, ಒಂದು ವಾರ ಹಿಂದೆ ಮುಂದೆ ಮಾಡಿಕೊಳ್ಳಿ. ಅಷ್ಟು ಸಾಕು.

ಹಂತ 3: ಎಷ್ಟು ಭೇಟಿ ಉಳಿದಿವೆ ಎಂದು ನೋಡಿ

ಅರ್ಹತೆ ಸಿಕ್ಕಿತು ಎಂದುಕೊಳ್ಳೋಣ. ಮುಂದಿನ ಪ್ರಶ್ನೆ, ಎಷ್ಟು ಸಲ? ಐಸಿಐಸಿಐ ಕೋರಲ್ ಕಾರ್ಡಿಗೆ ತ್ರೈಮಾಸಿಕಕ್ಕೆ ಒಂದು ದೇಶೀಯ ಭೇಟಿ. ಎಸ್‌ಬಿಐ ಕಾರ್ಡ್ ಪ್ರೈಮ್‌ಗೆ ವರ್ಷಕ್ಕೆ ಎಂಟು, ಆದರೆ ತ್ರೈಮಾಸಿಕಕ್ಕೆ ಎರಡನ್ನು ಮೀರುವಂತಿಲ್ಲ. ಎಚ್‌ಡಿಎಫ್‌ಸಿ ರೆಗಾಲಿಯಾ ಗೋಲ್ಡ್‌ಗೆ ಕ್ಯಾಲೆಂಡರ್ ವರ್ಷಕ್ಕೆ ಹನ್ನೆರಡು ಎಂದು ಹೇಳುತ್ತ ಬಂದಿದ್ದಾರೆ, ತ್ರೈಮಾಸಿಕದ ತಡೆ ಇಲ್ಲದೆ.

‘ವರ್ಷಕ್ಕೆ ಎಂಟು’ ಎಂಬುದಕ್ಕೂ ‘ತ್ರೈಮಾಸಿಕಕ್ಕೆ ಎರಡು’ ಎಂಬುದಕ್ಕೂ ಕಾಗದದ ಮೇಲೆ ಮೊತ್ತ ಒಂದೇ. ಬಳಕೆಯಲ್ಲಿ ಹಾಗಲ್ಲ. ಬೇಸಿಗೆ ರಜೆಗೆ ಮತ್ತು ದೀಪಾವಳಿಗೆ ಮಾತ್ರ ಪ್ರಯಾಣ ಮಾಡುವವರಿಗೆ ಜನವರಿ–ಮಾರ್ಚ್ ಮತ್ತು ಜುಲೈ–ಸೆಪ್ಟೆಂಬರ್‌ನ ನಾಲ್ಕು ಭೇಟಿಗಳು ಹಾಗೆಯೇ ಕೊಳೆಯುತ್ತವೆ, ಏಕೆಂದರೆ ಬಳಸದ ಭೇಟಿ ಮುಂದಿನ ತ್ರೈಮಾಸಿಕಕ್ಕೆ ಸೇರುವುದಿಲ್ಲ. ಅವರ ಪಾಲಿಗೆ ಎಂಟು ಎಂದರೆ ನಾಲ್ಕೇ.

ಭೇಟಿಯ ದಿನ ಎಂದರೆ ಲೌಂಜ್‌ನಲ್ಲಿ ಕಾರ್ಡ್ ಉಜ್ಜಿದ ದಿನ. ಟಿಕೆಟ್ ಕಾದಿರಿಸಿದ ದಿನವಲ್ಲ, ವಿಮಾನ ಹಾರುವ ದಿನವೂ ಅಲ್ಲ. ತ್ರೈಮಾಸಿಕದ ಗಡಿಯಲ್ಲಿ ಪ್ರಯಾಣ ಬಂದರೆ ಇದು ನಿಮಗೆ ಲಾಭ. ಸೆಪ್ಟೆಂಬರ್ 29ರಂದು ಹೋಗಿ ಅಕ್ಟೋಬರ್ 5ರಂದು ಮರಳುವವರಿಗೆ, ತ್ರೈಮಾಸಿಕಕ್ಕೆ ಒಂದೇ ಭೇಟಿ ಇರುವ ಕಾರ್ಡಿನಲ್ಲೂ ಹೋಗುವಾಗ ಒಂದು, ಬರುವಾಗ ಒಂದು ಸಿಗುತ್ತದೆ. ಆದರೆ ಅರ್ಹತೆಯ ಲೆಕ್ಕವೂ ಎರಡಾಗುತ್ತದೆ ಎಂಬುದನ್ನು ಮರೆಯಬೇಡಿ. ಹೋಗುವ ಭೇಟಿಗೆ ಏಪ್ರಿಲ್–ಜೂನ್‌ನ ಖರ್ಚನ್ನು ನೋಡುತ್ತಾರೆ, ಬರುವ ಭೇಟಿಗೆ ಜುಲೈ–ಸೆಪ್ಟೆಂಬರ್‌ನದನ್ನು. ಒಂದು ತೇರ್ಗಡೆಯಾಗಿ ಇನ್ನೊಂದು ಆಗದಿರುವ ಸಾಧ್ಯತೆ ಸಾಕಷ್ಟಿದೆ. ತ್ರೈಮಾಸಿಕದ ಮೊದಲ ಕೆಲವು ದಿನಗಳಲ್ಲಿ ಹೊಸ ಅರ್ಹತೆ ಬ್ಯಾಂಕಿನ ವ್ಯವಸ್ಥೆಯಲ್ಲಿ ಇನ್ನೂ ಮೂಡದೆಯೂ ಇರಬಹುದು. ಅಕ್ಟೋಬರ್ 1 ಅಥವಾ 2ರಂದು ಮರಳುವವರು ಬ್ಯಾಂಕಿನ ಆ್ಯಪ್‌ನಲ್ಲಿ ಒಮ್ಮೆ ನೋಡಿಕೊಂಡೇ ಲೌಂಜ್ ಕಡೆ ನಡೆಯಿರಿ.

ನಡುವೆ ವಿಮಾನ ಬದಲಿಸಬೇಕಾದ ಪ್ರಯಾಣದಲ್ಲಿ ಎರಡು ನಿಲ್ದಾಣಗಳ ಎರಡು ಲೌಂಜ್‌ಗಳಿಗೆ ಹೋದರೆ ಅದು ಎರಡು ಭೇಟಿ. ಒಂದೇ ಲೌಂಜ್‌ನಿಂದ ಹೊರಬಂದು ಮತ್ತೆ ಒಳಗೆ ಹೋಗಲು ಬಯಸಿದರೆ ಅದನ್ನೂ ಹೊಸ ಭೇಟಿಯೆಂದು ಎಣಿಸುವುದು ಸಾಮಾನ್ಯ. ತ್ರೈಮಾಸಿಕಕ್ಕೆ ಒಂದೇ ಭೇಟಿ ಇದ್ದರೆ, ಹೊರಡುವ ನಿಲ್ದಾಣದಲ್ಲಿ ಅರ್ಧ ಗಂಟೆಗೆ ಅದನ್ನು ಕಳೆಯಬೇಡಿ, ನಡುವೆ ನಾಲ್ಕು ಗಂಟೆ ಕಾಯಬೇಕಾದ ನಿಲ್ದಾಣಕ್ಕೆ ಉಳಿಸಿ.

ವೋಚರ್ ಬಗೆಯ ಕಾರ್ಡಾದರೆ ಈ ಹಂತದಲ್ಲೇ ವೋಚರ್ ತೆಗೆದು, ಅದರ ಅವಧಿ ಯಾವಾಗ ಮುಗಿಯುತ್ತದೆ ಎಂದು ನೋಡಿ, ಅದರ ಚಿತ್ರವನ್ನು ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ. ಲೌಂಜ್ ಬಾಗಿಲಲ್ಲಿ ನಿಂತು ಒಟಿಪಿಗಾಗಿ ಕಾಯುವ ಪಾಡು ತಪ್ಪುತ್ತದೆ.

ಹಂತ 4: ತಲೆಗಳನ್ನು ಎಣಿಸಿ

ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಈ ಹಂತದಲ್ಲಿ, ಆದ್ದರಿಂದ ನಿಧಾನವಾಗಿ ಓದಿ. ದೇಶದೊಳಗಿನ ಲೌಂಜ್‌ಗಳಲ್ಲಿ ಸಾಮಾನ್ಯ ಸೂತ್ರ ಇದು: ಒಂದು ಸ್ವೈಪ್ ಎಂದರೆ ಒಬ್ಬ ವ್ಯಕ್ತಿ, ಒಂದು ಭೇಟಿ. ಕಾರ್ಡಿನ ಮೇಲಿರುವ ಹೆಸರು ಮತ್ತು ಬೋರ್ಡಿಂಗ್ ಪಾಸಿನ ಹೆಸರು ಹೊಂದಬೇಕು. ನಿಮ್ಮ ಜೊತೆ ಬಂದವರು ನಿಮ್ಮ ಉಚಿತ ಭೇಟಿಯ ಒಳಗೆ ಬರುವುದಿಲ್ಲ. ಅವರ ವಿಷಯದಲ್ಲಿ ಬ್ಯಾಂಕುಗಳು ಮೂರು ದಾರಿ ಹಿಡಿಯುತ್ತವೆ.

ಕೆಲವು ಕಾರ್ಡುಗಳಲ್ಲಿ ಅತಿಥಿಗೆ ಅವಕಾಶವೇ ಇಲ್ಲ, ಅವರು ಲೌಂಜ್‌ನ ದರವನ್ನು ಕೈಯಿಂದ ಕೊಟ್ಟು ಬರಬೇಕು. ಇನ್ನು ಕೆಲವು ಕಾರ್ಡುಗಳಲ್ಲಿ ಅತಿಥಿಗಾಗಿ ಅದೇ ಕಾರ್ಡನ್ನು ಮತ್ತೊಮ್ಮೆ ಉಜ್ಜಬಹುದು, ಆಗ ನಿಮ್ಮ ಕೋಟಾದಿಂದಲೇ ಮತ್ತೊಂದು ಭೇಟಿ ಕಡಿಮೆಯಾಗುತ್ತದೆ. ತ್ರೈಮಾಸಿಕಕ್ಕೆ ಎರಡು ಇದ್ದದ್ದು ಗಂಡ ಹೆಂಡತಿ ಒಮ್ಮೆ ಒಳಗೆ ಹೋದರೆ ಮುಗಿಯಿತು, ಮರಳುವಾಗ ಏನೂ ಇಲ್ಲ. ದುಬಾರಿ ಕಾರ್ಡುಗಳಲ್ಲಿ ಅತಿಥಿಗಳಿಗೇ ಪ್ರತ್ಯೇಕ ಕೋಟಾ ಇರುತ್ತದೆ. ನಿಮ್ಮದು ಇವುಗಳಲ್ಲಿ ಯಾವುದು ಎಂದು ಕಡತದಲ್ಲಿ ಹುಡುಕುವಾಗ ‘ಅತಿಥಿ’ ಎಂಬ ಪದವೇ ಕಾಣದಿದ್ದರೆ ಅವಕಾಶವಿಲ್ಲ ಎಂದೇ ತಿಳಿಯಿರಿ. ಮೌನವನ್ನು ಒಪ್ಪಿಗೆ ಎಂದುಕೊಂಡರೆ ಬಿಲ್ಲಿನಲ್ಲಿ ಉತ್ತರ ಬರುತ್ತದೆ.

ಮಕ್ಕಳ ವಿಷಯ: ಎರಡು ವರ್ಷದೊಳಗಿನ ಕೂಸುಗಳಿಗೆ ಸಾಮಾನ್ಯವಾಗಿ ಹಣ ಕೇಳುವುದಿಲ್ಲ. ಅದಕ್ಕಿಂತ ದೊಡ್ಡವರನ್ನು ಹೇಗೆ ಎಣಿಸುತ್ತಾರೆ ಎಂಬುದು ಲೌಂಜ್‌ನಿಂದ ಲೌಂಜ್‌ಗೆ ಬೇರೆ. ಅರ್ಧ ದರ ಇರಬಹುದು, ಪೂರ್ಣ ದರವೂ ಇರಬಹುದು. ಎಂಟು ವರ್ಷದ ಮಗುವನ್ನು ಒಂದು ತಲೆಯೆಂದೇ ಹಿಡಿದು ಲೆಕ್ಕ ಹಾಕಿ.

ಈಗ ಆಡ್-ಆನ್ ಕಾರ್ಡ್. ಮುಖ್ಯ ಕಾರ್ಡುದಾರರ ಖಾತೆಯ ಮೇಲೆಯೇ ಮನೆಯ ಇನ್ನೊಬ್ಬರ ಹೆಸರಿನಲ್ಲಿ ಕೊಡುವ ಹೆಚ್ಚುವರಿ ಕಾರ್ಡ್ ಇದು. ಇದಕ್ಕೆ ಬೇರೆ ಭೇಟಿಗಳು ಸಿಗುತ್ತವೆ ಎಂದು ಬಹಳ ಜನ ಭಾವಿಸುತ್ತಾರೆ. ಹೆಚ್ಚಿನ ಕಾರ್ಡುಗಳಲ್ಲಿ ಸಿಗುವುದಿಲ್ಲ. ಮುಖ್ಯ ಕಾರ್ಡಿನ ಕೋಟಾವನ್ನೇ ಇಬ್ಬರೂ ಹಂಚಿಕೊಳ್ಳಬೇಕು, ಇಲ್ಲವೇ ಆಡ್-ಆನ್‌ಗೆ ಸೌಲಭ್ಯವೇ ಇರುವುದಿಲ್ಲ. ಇದರ ಪ್ರಯೋಜನ ಹೆಸರಿನ ಹೊಂದಾಣಿಕೆಯಲ್ಲಿದೆ: ಹೆಂಡತಿ ತನ್ನ ಹೆಸರಿನ ಕಾರ್ಡ್ ತೋರಿಸಿ, ನೀವು ಜೊತೆಗಿಲ್ಲದಾಗಲೂ ಒಳಗೆ ಹೋಗಬಹುದು. ಖರ್ಚಿನ ಕಡೆಯಿಂದ ನೋಡಿದರೆ ಆಡ್-ಆನ್‌ನ ಖರ್ಚು ಮುಖ್ಯ ಖಾತೆಯ ಬಿಲ್ಲಿಗೇ ಸೇರುವುದರಿಂದ ಅರ್ಹತೆ ಮುಟ್ಟುವುದು ಸುಲಭವಾಗುತ್ತದೆ. ಅದನ್ನೂ ಒಟ್ಟಿಗೆ ಎಣಿಸುತ್ತಾರೆಯೇ ಎಂದು ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ.

ನಮ್ಮ ದೆಹಲಿಯ ಕುಟುಂಬಕ್ಕೆ ಮರಳೋಣ. ಹೆಂಡತಿಯ ಕಾರ್ಡ್ ಅರ್ಹತೆ ತಪ್ಪಿದೆ. ಗಂಡನ ಕಾರ್ಡಿಗೆ ತ್ರೈಮಾಸಿಕಕ್ಕೆ ಎರಡು ಭೇಟಿ, ಅರ್ಹತೆ ಇದೆ, ಅತಿಥಿಗಾಗಿ ಕೋಟಾ ಬಳಸಲು ಅವಕಾಶವೂ ಇದೆ ಎನ್ನೋಣ. ತಲೆಗಳು ನಾಲ್ಕು, ಭೇಟಿಗಳು ಎರಡು. ಹೋಗುವಾಗ ಇಬ್ಬರಿಗೆ ಉಜ್ಜಿ ಇನ್ನಿಬ್ಬರಿಗೆ ಹಣ ಕೊಡಬಹುದು. ಆಗ ಮರಳುವಾಗ ನಾಲ್ವರಿಗೂ ಹಣವೇ. ಇಲ್ಲವೇ ಅಜ್ಜಿ ಮತ್ತು ಮಗಳನ್ನು ಒಳಗೆ ಕೂರಿಸುವ ಉಪಾಯ ಹೊಳೆಯಬಹುದು. ಅದು ನಡೆಯುವುದಿಲ್ಲ, ಏಕೆಂದರೆ ಕಾರ್ಡುದಾರ ಒಳಗೆ ಹೋಗದೆ ಅತಿಥಿಗಳನ್ನು ಮಾತ್ರ ಕಳುಹಿಸುವಂತಿಲ್ಲ. ಗಂಡ ಮತ್ತು ಅಜ್ಜಿ ಒಳಗೆ ಹೋಗಿ, ತಾಯಿ ಮಗಳು ಹೊರಗೆ ತಿಂಡಿ ತಿನ್ನುವುದು ಇಲ್ಲಿ ಅಗ್ಗದ ದಾರಿ. ನಾನಾಗಿದ್ದರೆ ನಾಲ್ವರೂ ಹೊರಗೆ ಒಟ್ಟಿಗೆ ಕುಳಿತು ದೋಸೆ ತಿಂದು, ಎರಡೂ ಭೇಟಿಗಳನ್ನು ಡಿಸೆಂಬರ್‌ನ ಕಚೇರಿ ಪ್ರಯಾಣಕ್ಕೆ ಉಳಿಸುತ್ತಿದ್ದೆ.

ವಿದೇಶ ಪ್ರಯಾಣದಲ್ಲಿ ಲೆಕ್ಕ ಬೇರೆ. ಅಲ್ಲಿ ಹೆಚ್ಚಾಗಿ ಬಳಕೆಯಾಗುವುದು ಪ್ರಯಾರಿಟಿ ಪಾಸ್. ಇದು ಕ್ರೆಡಿಟ್ ಕಾರ್ಡಿಗಿಂತ ಪ್ರತ್ಯೇಕವಾದ, ಜಗತ್ತಿನ ಹಲವು ಲೌಂಜ್‌ಗಳಿಗೆ ಪ್ರವೇಶ ಕೊಡುವ ಸದಸ್ಯತ್ವ ಕಾರ್ಡ್. ಬ್ಯಾಂಕು ಅದನ್ನು ನಿಮಗೆ ಕೊಡಿಸುತ್ತದೆ, ಆದರೆ ನೀವೇ ಅರ್ಜಿ ಹಾಕಬೇಕು. ರೆಗಾಲಿಯಾ ಗೋಲ್ಡ್‌ನಲ್ಲಿ ನಾಲ್ಕು ಖರೀದಿಗಳಾದ ಮೇಲೆ ಅರ್ಜಿ ಹಾಕಬಹುದು, ಮುಖ್ಯ ಮತ್ತು ಆಡ್-ಆನ್ ಸದಸ್ಯರಿಗೆ ಒಟ್ಟಾಗಿ ವರ್ಷಕ್ಕೆ ಆರು ಭೇಟಿ, ಅದೂ ಭಾರತದ ಹೊರಗೆ. ಆ ಮಿತಿ ಮೀರಿದರೆ ಪ್ರತಿ ಭೇಟಿಗೆ 27 ಡಾಲರ್ ಮತ್ತು ಜಿಎಸ್‌ಟಿ ಎಂದು ಬ್ಯಾಂಕ್ ಪ್ರಕಟಿಸಿತ್ತು.

ಇಲ್ಲಿ ಎರಡು ಹೊಂಡಗಳಿವೆ. ಪ್ರಯಾರಿಟಿ ಪಾಸ್ ಅನ್ನು ಭಾರತದ ನಿಲ್ದಾಣಗಳಲ್ಲಿ ತೋರಿಸಿದರೆ ಇಂಥ ಕಾರ್ಡುಗಳಲ್ಲಿ ಅದು ಉಚಿತವಲ್ಲ. ಲೌಂಜ್‌ನವರು ಸಂತೋಷದಿಂದ ಒಳಗೆ ಬಿಡುತ್ತಾರೆ, ಹಣ ಬಿಲ್ಲಿನಲ್ಲಿ ಬರುತ್ತದೆ. ಬೆಂಗಳೂರಿನಿಂದ ವಿದೇಶಕ್ಕೆ ಹೊರಡುವಾಗಲೂ ಕ್ರೆಡಿಟ್ ಕಾರ್ಡನ್ನೇ ಕೊಡಿ. ಎರಡನೆಯದು ಅತಿಥಿ. ಸದಸ್ಯರ ಜೊತೆ ಎಷ್ಟು ಅತಿಥಿಗಳು ಬಂದರು ಎಂದು ಲೌಂಜ್‌ನವರು ದಾಖಲಿಸುತ್ತಾರೆ, ನೀವು ಸಹಿ ಮಾಡುತ್ತೀರಿ. ಇಬ್ಬರು ಅತಿಥಿಗಳೆಂದರೆ 54 ಡಾಲರ್, ಶೇ 18ರ ಜಿಎಸ್‌ಟಿ ಸೇರಿ 63.72 ಡಾಲರ್. ಡಾಲರ್‌ಗೆ 85 ರೂಪಾಯಿ ಹಿಡಿದರೂ 5,400 ರೂಪಾಯಿ ದಾಟುತ್ತದೆ. ಸಹಿಗೆ ಮುನ್ನ ಅತಿಥಿಗಳ ಸಂಖ್ಯೆಯ ಅಂಕಣ ನೋಡಿ. ಒಬ್ಬರೇ ಹೋಗಿದ್ದರೆ ಅಲ್ಲಿ ಸೊನ್ನೆ ಇರಬೇಕು.

ಹಂತ 5: ಲೌಂಜ್ ಬಾಗಿಲಲ್ಲಿ

ಪ್ಲಾಸ್ಟಿಕ್ ಕಾರ್ಡನ್ನೇ ಒಯ್ಯಿರಿ. ಕಾರ್ಡಿನ ಫೋಟೊವನ್ನು ಒಪ್ಪುವುದಿಲ್ಲ. ಅದೇ ದಿನದ ಬೋರ್ಡಿಂಗ್ ಪಾಸ್ ಇರಲಿ. ವಿಮಾನ ಹೊರಡುವ ಎರಡು ಮೂರು ಗಂಟೆ ಮೊದಲಷ್ಟೇ ಒಳಗೆ ಬಿಡುತ್ತಾರೆ, ಇರಬಹುದಾದ ಅವಧಿಯೂ ಸಾಮಾನ್ಯವಾಗಿ ಅಷ್ಟೇ.

ಯಂತ್ರಕ್ಕೆ ಕಾರ್ಡ್ ಹಾಕುವ ಮೊದಲು ‘ಈ ಕಾರ್ಡ್ ಇಲ್ಲಿ ಉಚಿತವೇ, ಎಷ್ಟು ಮೊತ್ತ ಕಡಿತವಾಗುತ್ತದೆ?’ ಎಂದು ಕೇಳಿ. ಕಾರ್ಡನ್ನು ಪರೀಕ್ಷಿಸಲು ವೀಸಾ ಕಾರ್ಡುಗಳಲ್ಲಿ ಸಾಮಾನ್ಯವಾಗಿ 2 ರೂಪಾಯಿ, ಮಾಸ್ಟರ್‌ಕಾರ್ಡ್‌ನಲ್ಲಿ 25 ರೂಪಾಯಿ ಕಡಿತವಾಗುತ್ತದೆ. ಅದು ಮರಳಿ ಬರುವುದಿಲ್ಲ, ಅದರ ಬಗ್ಗೆ ದೂರು ಕೊಡುವ ಅಗತ್ಯವೂ ಇಲ್ಲ. ಆದರೆ ಪರದೆಯ ಮೇಲೆ ಸಾವಿರದ ಆಚೆಗಿನ ಅಂಕಿ ಕಂಡರೆ ಪಿನ್ ಒತ್ತಬೇಡಿ. ಅದು ಲೌಂಜ್‌ನ ಪೂರ್ಣ ದರ; ನಿಮ್ಮ ಕಾರ್ಡ್ ಉಚಿತ ಪಟ್ಟಿಯಲ್ಲಿಲ್ಲ ಎಂದರ್ಥ.

ಯಂತ್ರ ಒಪ್ಪದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸಲು ಬಿಡಬೇಡಿ. ಮೊದಲ ಪ್ರಯತ್ನ ವಾಸ್ತವವಾಗಿ ದಾಖಲಾಗಿದ್ದು, ಚೀಟಿ ಮಾತ್ರ ಬರದಿರಬಹುದು. ಆಗ ಎರಡನೆಯ ಸ್ವೈಪ್ ನಿಮ್ಮ ಎರಡನೆಯ ಭೇಟಿಯನ್ನು ತಿನ್ನುತ್ತದೆ. 2 ಅಥವಾ 25 ರೂಪಾಯಿಯ ಎಸ್‌ಎಂಎಸ್ ಬಂದಿದೆಯೇ ಎಂದು ನೋಡಿ, ಬಂದಿದ್ದರೆ ಸಿಬ್ಬಂದಿಗೆ ತೋರಿಸಿ. ಬಂದಿಲ್ಲದಿದ್ದರೆ ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು: ಖರ್ಚಿನ ಮಿತಿ ಮುಟ್ಟಿಲ್ಲ, ಭೇಟಿಗಳು ಮುಗಿದಿವೆ, ಅಥವಾ ಈ ಲೌಂಜ್ ನಿಮ್ಮ ಕಾರ್ಡಿನ ಪಟ್ಟಿಯಿಂದ ಹೊರಹೋಗಿದೆ. ಮೂರನೆಯದಕ್ಕೆ ನಿಮ್ಮ ತಪ್ಪೇನೂ ಇರುವುದಿಲ್ಲ. ಬ್ಯಾಂಕಿಗೂ ಲೌಂಜ್‌ಗೂ ನಡುವೆ ಮಧ್ಯವರ್ತಿ ಕಂಪನಿಗಳಿರುತ್ತವೆ, ಅವರ ಒಪ್ಪಂದ ಮುರಿದರೆ ನೂರಾರು ಕಾರ್ಡುಗಳಿಗೆ ಬಾಗಿಲು ಮುಚ್ಚುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಡ್ರೀಮ್‌ಫೋಕ್ಸ್ ಎಂಬ ಇಂಥ ಕಂಪನಿಯ ಸೇವೆ ಹಲವು ನಿಲ್ದಾಣಗಳಲ್ಲಿ ಇದ್ದಕ್ಕಿದ್ದಂತೆ ನಿಂತಾಗ ಪ್ರಯಾಣಿಕರು ಕಾರ್ಡ್ ಹಿಡಿದು ಬಾಗಿಲಲ್ಲೇ ಉಳಿದಿದ್ದರು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಹೊರಡುವವರು ಟರ್ಮಿನಲ್ 1 ಮತ್ತು 2ರ ಲೌಂಜ್‌ಗಳನ್ನು ಪಟ್ಟಿಯಲ್ಲಿ ಬೇರೆ ಬೇರೆಯಾಗಿ ನೋಡಬೇಕು. ಒಂದು ಟರ್ಮಿನಲ್‌ನ ಲೌಂಜ್ ಇದ್ದರೆ ಇನ್ನೊಂದರದ್ದೂ ಇದೆ ಎಂದಲ್ಲ.

ಒಳಗೆ ಹೋಗುವ ಮುನ್ನ ಚೀಟಿ ಕೇಳಿ ಪಡೆದು, ಫೋಟೊ ತೆಗೆದಿಟ್ಟುಕೊಳ್ಳಿ.

ಹಂತ 6: ಬಿಲ್ಲು ಬಂದ ಮೇಲೆ

ಲೌಂಜ್‌ನ ಹೆಚ್ಚುವರಿ ಶುಲ್ಕ ಆ ದಿನವೇ ಬರುವುದಿಲ್ಲ. ಮುಖ್ಯವಾಗಿ ಪ್ರಯಾರಿಟಿ ಪಾಸ್‌ನದು ಕೆಲವು ವಾರಗಳ ನಂತರ, ಪ್ರಯಾಣ ಮರೆತೇಹೋದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಮುಂದಿನ ಎರಡು ಮೂರು ಬಿಲ್ಲುಗಳನ್ನು ಗಮನವಿಟ್ಟು ನೋಡಿ.

ಒಬ್ಬರೇ ಹೋಗಿದ್ದರೂ ಇಬ್ಬರ ಹಣ ಬಂದಿದ್ದರೆ, ಅಥವಾ ಕೋಟಾ ಉಳಿದಿರುವಾಗಲೂ ಶುಲ್ಕ ಹಾಕಿದ್ದರೆ, ಬ್ಯಾಂಕಿಗೆ ಇಮೇಲ್ ಮೂಲಕ ದೂರು ಕೊಡಿ. ಫೋನಿನಲ್ಲಿ ಮಾತ್ರ ಹೇಳಿದರೆ ಆಮೇಲೆ ಪುರಾವೆ ಇರುವುದಿಲ್ಲ. ದೂರಿನಲ್ಲಿ ಲೌಂಜ್‌ನ ಹೆಸರು, ಟರ್ಮಿನಲ್, ದಿನಾಂಕ, ಸಮಯ, ಕಾರ್ಡಿನ ಕೊನೆಯ ನಾಲ್ಕು ಅಂಕಿಗಳು ಇರಲಿ. ಚೀಟಿ ಮತ್ತು ಬೋರ್ಡಿಂಗ್ ಪಾಸಿನ ಫೋಟೊ ಜೊತೆಗಿರಲಿ. ಅರ್ಹತೆಯ ವಿವಾದವಾದರೆ, ಹಂತ 2ರಲ್ಲಿ ಮಾಡಿದಂತೆ ಮೂರು ತಿಂಗಳ ಖರ್ಚನ್ನು ಸಾಲುಸಾಲಾಗಿ ಬರೆದು, ಇವುಗಳಲ್ಲಿ ಯಾವುದನ್ನು ಯಾವ ನಿಯಮದಡಿ ಬಿಟ್ಟಿದ್ದೀರಿ ಎಂದು ಕೇಳಿ. ಹೀಗೆ ಕೇಳಿದರೆ ಸಿದ್ಧ ಉತ್ತರ ಕಳುಹಿಸಿ ಕೈತೊಳೆದುಕೊಳ್ಳುವುದು ಅವರಿಗೆ ಕಷ್ಟ.

ದೂರು ಕೊಟ್ಟು 30 ದಿನಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ಆದರೆ ಬ್ಯಾಂಕಿಗೆ ಮೊದಲು ಬರೆದ ದೂರಿನ ಪ್ರತಿ ಮತ್ತು ಅದರ ದಿನಾಂಕ ನಿಮ್ಮಲ್ಲಿರಬೇಕು.